ಹೋಲ್ಡ್ ಕೆಪಾಸಿಟರ್ ಎಷ್ಟಿರಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು: 0–10 ವೋಲ್ಟ್, 12 ಬಿಟ್ ಎಡಿಸಿ, ಪರಿವರ್ತನೆಗೆ 25 ಮೈಕ್ರೋಸೆಕೆಂಡ್. ಎಂಟು ಚಾನೆಲ್‌ಗಳು ಒಂದೇ ಸ್ಯಾಂಪಲ್ ಅಂಡ್ ಹೋಲ್ಡ್ ಮೂಲಕ ಬರುತ್ತವೆ, ಸ್ಯಾಂಪಲ್‌ಗೆ 20 ಮೈಕ್ರೋಸೆಕೆಂಡ್ ಕೊಟ್ಟಿದ್ದೇನೆ. ಸೆನ್ಸರ್ ಕಡೆ 1 ಕಿಲೋಓಮ್, ಸ್ವಿಚ್ 100 ಓಮ್. 1 ನ್ಯಾನೋಫ್ಯಾರಡ್ ಹಾಕಿದರೆ ಓದು 5 ಮಿಲಿವೋಲ್ಟ್ ಕಡಿಮೆ. 10 ಹಾಕಿದೆ, ಈಗ 9 ವೋಲ್ಟ್‌ನ ಚಾನೆಲ್ ನಂತರ ಬರುವ 1 ವೋಲ್ಟ್‌ನ ಚಾನೆಲ್ 2.3 ತೋರಿಸುತ್ತಿದೆ. ಏನು ಮಾಡಲಿ?

ಸೋರಿಕೆಯಲ್ಲಿ ನೊಂದವನು: ಇದು ಡ್ರೂಪ್, ಅನುಮಾನವೇ ಬೇಡ. ನನ್ನದು ಶಿಖರ ಮೌಲ್ಯವನ್ನು ಕೆಲವು ಸೆಕೆಂಡ್ ಹಿಡಿದಿಡಬೇಕಾದ ಸರ್ಕ್ಯೂಟ್. ಬೆಳಿಗ್ಗೆ ಸರಿಯಿದ್ದದ್ದು ಮಧ್ಯಾಹ್ನ ಪೆಟ್ಟಿಗೆ ಬಿಸಿಯಾಗುತ್ತಿದ್ದಂತೆ ಜಾರುತ್ತಿತ್ತು. ಸೋರಿಕೆ ಪ್ರತಿ 10 ಡಿಗ್ರಿಗೆ ಇಮ್ಮಡಿಯಾಗುತ್ತದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಆಪ್ಆಂಪ್ ಬದಲಾಯಿಸಿದೆ, ಸ್ವಿಚ್ ಬದಲಾಯಿಸಿದೆ, ಬೋರ್ಡನ್ನೇ ಮತ್ತೆ ಮಾಡಿಸಿದೆ. ಕೊನೆಗೆ ನೋಡಿದರೆ ಕೆಪಾಸಿಟರ್ ಕಾಲಿನ ಸುತ್ತ ಉಳಿದಿದ್ದ ಫ್ಲಕ್ಸ್! ಉಜ್ಜಿ ತೊಳೆದು, ಆ ಕಾಲಿನ ಸುತ್ತ ಗಾರ್ಡ್ ರಿಂಗ್ ಹಾಕಿದ ಮೇಲೆ ನಿಂತಿತು. ಮೊದಲು ತೊಳೆಯಿರಿ.

ಹಳೆಯ ಬೆಂಚು: ನಿಮ್ಮದು ಸೆಕೆಂಡುಗಳ ಕಥೆ, ಅವರದು 25 ಮೈಕ್ರೋಸೆಕೆಂಡಿನದು. 100 ಪಿಕೋಆಂಪಿಯರ್ ಸೋರಿದರೂ 1 ನ್ಯಾನೋಫ್ಯಾರಡ್ ಮೇಲೆ ಅಷ್ಟರಲ್ಲಿ ಇಳಿಯುವುದು 2.5 ಮೈಕ್ರೋವೋಲ್ಟ್. ಐದು ಮಿಲಿವೋಲ್ಟ್ ಎಲ್ಲಿ, ಇದೆಲ್ಲಿ? ಸ್ವಿಚ್ ಆಫ್ ಆಗುವಾಗ ಅದರ ಗೇಟು ಕೆಪಾಸಿಟರ್‌ನಿಂದ 5 ಪಿಕೋಕೂಲಂಬ್ ಕಸಿದುಕೊಳ್ಳುತ್ತಿದೆ, ಅದಕ್ಕೇ 5 ಮಿಲಿವೋಲ್ಟ್. ಚಾರ್ಜ್ ಅಷ್ಟೇ ಇರುವುದರಿಂದ ಕೆಪಾಸಿಟರ್ ಹತ್ತು ಪಟ್ಟಾದರೆ ತಪ್ಪು ಅರ್ಧ ಮಿಲಿವೋಲ್ಟಿಗೆ ಇಳಿಯುತ್ತದೆ. ಆದರೆ 1.1 ಕಿಲೋಓಮ್ ಜೊತೆ ಕಾಲಸ್ಥಿರಾಂಕ 11 ಮೈಕ್ರೋಸೆಕೆಂಡ್ ಆಯಿತು. 20ರಲ್ಲಿ ಹಳೆಯ ವೋಲ್ಟೇಜಿನ ಶೇ 16 ಇನ್ನೂ ಅಲ್ಲೇ ಕೂತಿರುತ್ತದೆ. 8 ವೋಲ್ಟಿನ ಜಿಗಿತದಲ್ಲಿ ಅದು 1.3 ವೋಲ್ಟ್, ನಿಮಗೆ ಕಂಡ 2.3 ಬಂದದ್ದೇ ಹೀಗೆ. ಅರ್ಧ ಬಿಟ್‌ನೊಳಗೆ ಬರಲು ಒಂಬತ್ತು ಕಾಲಸ್ಥಿರಾಂಕ ಬೇಕು.

ಸ್ವಿಚ್‌ಗೆ ಮೊದಲು ಒಂದು ಬಫರ್ ಇಡಿ. 1 ಕಿಲೋಓಮ್ ದಾರಿಯಿಂದ ಹೋಯಿತು, ಕಾಲಸ್ಥಿರಾಂಕ 1 ಮೈಕ್ರೋಸೆಕೆಂಡ್. ಆದರೂ 9ರಲ್ಲಿ ಮುಗಿಯಿತು ಎಂದುಕೊಳ್ಳಬೇಡಿ. ಆ ಜಿಗಿತಕ್ಕೆ ಮೊದಲ ಕ್ಷಣ 80 ಮಿಲಿಆಂಪಿಯರ್ ಬೇಕು. ಬಫರ್ 20 ಮಾತ್ರ ಕೊಟ್ಟರೆ 3 ಮೈಕ್ರೋಸೆಕೆಂಡ್ ಬರೀ ಏರಿಕೆಯಲ್ಲೇ ಕಳೆದು, ಒಟ್ಟು ಹತ್ತೂವರೆಯ ಹತ್ತಿರ ಬರುತ್ತದೆ. 20ರಲ್ಲಿ ಆರಾಮ. 10 ನ್ಯಾನೋಫ್ಯಾರಡ್ ಹೊರೆಗೆ ಬಫರ್ ನಡುಗುತ್ತದೆಯೇ ಎಂದು ಆಸಿಲೋಸ್ಕೋಪಿನಲ್ಲಿ ನೋಡಿಕೊಳ್ಳಿ.

ಸೋರಿಕೆಯಲ್ಲಿ ನೊಂದವನು: 100 ಪಿಕೋಆಂಪಿಯರ್ ಎನ್ನುವುದು ಡೇಟಾಶೀಟಿನ ಲೆಕ್ಕ. ಕೊಳಕು ಬೋರ್ಡಿನಲ್ಲಿ 10 ನ್ಯಾನೋಆಂಪಿಯರ್ ಹರಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಳೆಯ ಬೆಂಚು: ಹರಿಯಲಿ. ಆಗಲೂ ಕಾಲು ಮಿಲಿವೋಲ್ಟ್. ವಾದ ಯಾಕೆ, ಹೋಲ್ಡ್ ಸಮಯವನ್ನು ಹತ್ತು ಪಟ್ಟು ಮಾಡಿ ಓದಲಿ. ತಪ್ಪು ಬೆಳೆದರೆ ನಿಮ್ಮ ಡ್ರೂಪ್, ಅಲುಗಾಡದಿದ್ದರೆ ನನ್ನ ಚಾರ್ಜ್ ಇಂಜೆಕ್ಷನ್.

ಎಲ್ಲ ಕಿತ್ತೆಸೆದವಳು: ಇಷ್ಟೆಲ್ಲ ಯಾಕೆ? ಸ್ಯಾಂಪ್ಲರ್ ಒಳಗೇ ಇರುವ ಎಡಿಸಿ ಹಾಕಿದೆ, ಪೀಡೆ ತೊಲಗಿತು. ಅದಕ್ಕೆ ಮೊದಲು ಪಾಲಿಸ್ಟೈರೀನ್ ಕೆಪಾಸಿಟರ್ ಹುಡುಕಿ ತಂದು, ಬೆಸುಗೆಯ ಕಾವಿಗೆ ಅದು ಕರಗಿ, ಮತ್ತೊಂದು ತಂದು, ಅದೂ ಸೊಟ್ಟಗಾಗಿ... ಆ ದಿನಗಳು ಬೇಡವೇ ಬೇಡ.

ಹಳೆಯ ಬೆಂಚು: ಒಳಗಿದ್ದರೂ ಕೆಪಾಸಿಟರ್ ಕೆಪಾಸಿಟರೇ, ತಾಯಿ. ಮುಂದೆ ದೊಡ್ಡ ರೋಧವಿದ್ದರೆ ಅದೂ ತುಂಬುವುದಿಲ್ಲ. ಕರಗಿದ್ದಕ್ಕೆ ಕಾಲನ್ನು ಇಕ್ಕಳದಲ್ಲಿ ಹಿಡಿದು ಬೆಸೆಯಬೇಕಿತ್ತು.

ಎಲ್ಲ ಕಿತ್ತೆಸೆದವಳು: ಬೆಸುಗೆಯ ಪಾಠ ಕೇಳಿದ್ದು ಯಾರು?

ಪಾಲಿಪ್ರೊಪಿಲೀನ್ ಪಕ್ಷ: ಅವರ ಆ 10 ನ್ಯಾನೋಫ್ಯಾರಡ್ ಯಾವ ಜಾತಿಯದು ಎಂದು ಒಬ್ಬರೂ ಕೇಳಲಿಲ್ಲ! ಸಾಮಾನ್ಯ ಸೆರಾಮಿಕ್ ಆದರೆ ಹಿಂದಿನ ಚಾನೆಲ್ಲಿನ ನೆನಪು ಡೈಎಲೆಕ್ಟ್ರಿಕ್ಕಿನಲ್ಲೇ ಉಳಿದು, ಹೋಲ್ಡ್ ಆದ ಮೇಲೆ ನಿಧಾನವಾಗಿ ಹೊರಬರುತ್ತದೆ. ಬಫರ್ ಹಾಕಿದರೂ ಅದು ಹೋಗುವುದಿಲ್ಲ. ಪಾಲಿಪ್ರೊಪಿಲೀನ್ ಹಾಕಿ, ಕರಗುವ ಕಾಟವೂ ಕಡಿಮೆ.

ಕೇಳಿದವರು: ಬಫರ್ ಇನ್ನೂ ಇಟ್ಟಿಲ್ಲ. 1 ನ್ಯಾನೋಫ್ಯಾರಡ್‌ನಲ್ಲೇ ಹೋಲ್ಡ್ 250 ಮೈಕ್ರೋಸೆಕೆಂಡ್ ಮಾಡಿ ನೋಡಿದೆ, ತಪ್ಪು ಬೆಳೆಯಲಿಲ್ಲ. ಆದರೆ 1 ವೋಲ್ಟ್‌ನಲ್ಲಿ 5 ಇದ್ದದ್ದು 9 ವೋಲ್ಟ್‌ನಲ್ಲಿ 8 ಮಿಲಿವೋಲ್ಟ್. ಸಾಫ್ಟ್‌ವೇರಿನಲ್ಲಿ ಯಾವುದನ್ನು ಕೂಡಿಸಲಿ?

ಹಳೆಯ ಬೆಂಚು: ಸಿಗ್ನಲ್ ಮಟ್ಟದ ಜೊತೆ ಇಂಜೆಕ್ಷನ್ ಬದಲಾಗುವುದು ಸಹಜ. 5 ವೋಲ್ಟ್‌ನಲ್ಲೂ ಅಳೆಯಿರಿ. ಆರೂವರೆಯ ಆಸುಪಾಸು ಬಂದರೆ ನೇರ ಗೆರೆ, ಗೇನ್ ಮತ್ತು ಆಫ್‌ಸೆಟ್ ತಿದ್ದುಪಡಿಯಲ್ಲೇ ಹೋಗುತ್ತದೆ, ಬಫರಿನ ಗೊಡವೆಯೂ ಬೇಡ. ಬಾಗಿದ್ದರೆ 10 ನ್ಯಾನೋಫ್ಯಾರಡ್ ಮತ್ತು ಬಫರ್.

ಸೋರಿಕೆಯಲ್ಲಿ ನೊಂದವನು: ಪೆಟ್ಟಿಗೆ ಮುಚ್ಚಿ ಬಿಸಿಯಾದ ಮೇಲೆ ಅಳೆಯಿರಿ, ಆಮೇಲೆ ಮಾತಾಡೋಣ.