ಸಹಾಯ ಬೇಕು: ಎಸ್‌ಜಿಬಿ ರಿಯಾಯಿತಿ ನಿಜವೇ ಅಂತ ಅಳೆಯುವುದು ಹೇಗೆ?

ನಮಸ್ಕಾರ. ಎನ್‌ಎಸ್‌ಇಯಲ್ಲಿ SGBAUG28V ಎಂಬ ಸಾವರಿನ್ ಗೋಲ್ಡ್ ಬಾಂಡ್ ಗಮನಿಸುತ್ತಿದ್ದೇನೆ. ಒಂದು ಯೂನಿಟ್ ಅಂದರೆ 999 ಶುದ್ಧತೆಯ ಒಂದು ಗ್ರಾಂ ಚಿನ್ನ, ಹಾಗಾಗಿ ಹೋಲಿಕೆಗೆ ಚಿನ್ನದ ವರ್ತಕರ ಸಂಘವಾದ ಐಬಿಜೆಎಯ 999 ದರ ಇಟ್ಟುಕೊಂಡಿದ್ದೇನೆ. ಮೊದಲು ಜಿಎಸ್‌ಟಿ ಸೇರಿದ ಅಂಗಡಿ ದರ ಹಿಡಿದು, ಇಲ್ಲದ ಶೇ. 3 ರಿಯಾಯಿತಿ ಕಂಡು ಮೋಸಹೋಗಿದ್ದೆ.

ಮೊನ್ನೆ ಕೊನೆಯ ವಹಿವಾಟಿನ ಬೆಲೆ ಐಬಿಜೆಎ ದರಕ್ಕಿಂತ ಶೇ. 6 ಕಡಿಮೆ ತೋರಿಸಿತು. ಆದರೆ ಅದು ಬೆಳಗಿನದು, ಬರೀ ಎರಡು ಯೂನಿಟ್. ನನಗೆ ಬೇಕಾದ 20 ಯೂನಿಟ್‌ಗೆ ಮಾರುವವರು ಕೇಳುತ್ತಿದ್ದ ಸರಾಸರಿ ಬೆಲೆ ಹಿಡಿದರೆ ವ್ಯತ್ಯಾಸ ಶೇ. 2ಕ್ಕೆ ಇಳಿಯಿತು.

ಸಿಕ್ಕಿಕೊಂಡಿರುವುದು ಬಡ್ಡಿಯಲ್ಲಿ. ವಿತರಣೆ ಬೆಲೆ 5,334 ರೂ.; ಶೇ. 2.5ರಂತೆ ಆರು ತಿಂಗಳಿಗೆ ಸುಮಾರು 66.70 ರೂ. ಈ ಕೂಡಿಬಂದ ಬಡ್ಡಿಯನ್ನು ಬೆಲೆಯಿಂದ ಕಳೆದು ಹೋಲಿಸುತ್ತೀರಾ? ಸರಣಿಯ ಹಿಂದಿನ ಸರಾಸರಿ ರಿಯಾಯಿತಿಗೆ ಎಷ್ಟು ದಿನದ ಲೆಕ್ಕ ಇಡುತ್ತೀರಿ? ದಯವಿಟ್ಟು ತಿಳಿಸಿ.