ಸಹಾಯ ಬೇಕು: ವಿಚ್ಛೇದನದ ವಿಷಯ ಹೇಳಿದ ಮೇಲೆ ಬರುವ ಎರಡನೆಯ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ವಿಚ್ಛೇದನವಾಗಿ ಹದಿನಾಲ್ಕು ತಿಂಗಳಾದರೂ, ಸಮಾರಂಭಗಳಲ್ಲಿ ಯಾರಾದರೂ "ಯಜಮಾನರು ಬರಲಿಲ್ಲವೇ?" ಎಂದರೆ "ಊರಿನಲ್ಲಿಲ್ಲ" ಎಂದು ಸುಳ್ಳು ಹೇಳಿ, ಮುಂದಿನ ಸಲ ಆ ಸುಳ್ಳನ್ನು ಕಾಪಾಡಲಾಗದೆ ಈಗ ಹೋಗುವುದನ್ನೇ ನಿಲ್ಲಿಸಿದ್ದೇನೆ. ತಪ್ಪಿಸಿಕೊಂಡ ದಿನ ನಿರಾಳವೆನಿಸುತ್ತದೆ. ಆದರೆ ಮುಂದಿನ ಆಹ್ವಾನ ಬರುವ ಹೊತ್ತಿಗೆ ಅಂಜಿಕೆ ಇಮ್ಮಡಿಯಾಗಿರುತ್ತದೆ. ಆದ್ದರಿಂದ "ನಾವು ಬೇರೆಯಾಗಿದ್ದೇವೆ, ನಾನು ಚೆನ್ನಾಗಿದ್ದೇನೆ, ನೀವು ಹೇಗಿದ್ದೀರಿ?" ಎಂಬ ಮಾತನ್ನು ಕನ್ನಡಿಯ ಮುಂದೆ ರೂಢಿಸಿಕೊಂಡು, ಮೊದಲು ಚಿಕ್ಕಮ್ಮನವರಿಗೆ ಹೇಳಿದೆ. ದನಿ ನಡುಗಲಿಲ್ಲ, ಆದರೆ ಅವರು "ಏಕೆ?" ಎಂದ ಕೂಡಲೇ ಆರೋಪಿಯಂತೆ ಅರ್ಧ ಗಂಟೆ ಸಮಜಾಯಿಷಿ ಕೊಟ್ಟೆ (ಅಷ್ಟನ್ನು ಅವರು ಕೇಳಿಯೇ ಇರಲಿಲ್ಲ!). ಈ ಹಾದಿಯಲ್ಲಿ ನಡೆದವರು, ಆ ಎರಡನೆಯ ಪ್ರಶ್ನೆಯನ್ನು ಹಿರಿಯರಿಗೆ ಅಗೌರವವಾಗದಂತೆ ಯಾವ ಮಾತಿನಿಂದ ನಿಲ್ಲಿಸಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.