ಸ್ಟಿಕ್ಕರ್ ‘ಗ್ರೇಡ್ 1’ ಅನ್ನುತ್ತೆ, ಮರ ಏನನ್ನುತ್ತೆ?

ಪ್ರಶ್ನೆ (ದಾವಣಗೆರೆಯ ಕ್ಲಬ್ ಆಟಗಾರ): ಸೆಕೆಂಡ್ ಹ್ಯಾಂಡ್ ಬ್ಯಾಟ್ ಒಂದು ನೋಡಿದ್ದೇನೆ. ಮೀರಟ್‌ನ ಹೆಸರಾಂತ ಕಂಪನಿಯ ಸ್ಟಿಕ್ಕರ್ ಇದೆ, ‘ಪ್ಲೇಯರ್ಸ್, ಗ್ರೇಡ್ 1’ ಅಂತ ಬರೆದಿದೆ. ಮುಂದೆ 8 ಗೆರೆ, ಬಲ ಅಂಚಿನಲ್ಲಿ ಒಂದೂವರೆ ಇಂಚು ಕಂದು ಪಟ್ಟಿ. ತೂಕ 1190 ಗ್ರಾಂ. 14 ಸಾವಿರ ಹೇಳ್ತಿದ್ದಾರೆ. ಕಂಪನಿ, ಗ್ರೇಡ್ ಎರಡೂ ನಿಜಾನಾ?

ಒಬ್ಬ ಓಪನರ್: ಗೆರೆ ಎಣಿಸಿದರೆ ಸಾಕು. 8 ಇದ್ರೆ ಒಳ್ಳೇದು, 10 ದಾಟಿದ್ರೆ ಗ್ರೇಡ್ 1. ಕಣ್ಣು ಮುಚ್ಚಿ ತಗೊಳ್ಳಿ.

ಬ್ಯಾಟ್ ರಿಪೇರಿ ಮಾಡುವವರು: ಕಣ್ಣು ಮುಚ್ಚಬೇಡಿ! ಗೆರೆ ಎಣಿಸುವುದು ತಪ್ಪಲ್ಲ, ಆದರೆ ಅದು ಹೇಳುವುದು ಬೇರೆ ವಿಷಯ. ಒಂದು ಗೆರೆ ಅಂದರೆ ಮರದ ಒಂದು ವರ್ಷದ ಬೆಳವಣಿಗೆ. ಹತ್ತಿರ ಹತ್ತಿರ ಗೆರೆ ಇದ್ದರೆ ಮರ ನಿಧಾನವಾಗಿ ಬೆಳೆದಿದೆ. ಅಂಥ ಬ್ಯಾಟ್ ಬೇಗ ಚೆನ್ನಾಗಿ ಹೊಡೆಯಲು ಶುರು ಮಾಡುತ್ತದೆ, ಸಾಮಾನ್ಯವಾಗಿ ಬೇಗ ಸವೆಯುತ್ತದೆ ಕೂಡ. ಗ್ರೇಡ್ ನೋಡುವಾಗ ಗೆರೆ ನೇರವಾಗಿದೆಯಾ, ಕಲೆ ಎಷ್ಟು, ಕಂದು ಎಷ್ಟು ಅನ್ನುವುದೇ ಮುಖ್ಯ. ಅಂದರೆ ಗ್ರೇಡ್ ಬಹುಮಟ್ಟಿಗೆ ಅಂದಕ್ಕೆ ಕೊಡುವ ಅಂಕ. ಇದಕ್ಕೆ ಎಲ್ಲರಿಗೂ ಒಂದೇ ಅಳತೆಗೋಲು ಇಲ್ಲ. ಒಂದು ಕಂಪನಿಯ ಗ್ರೇಡ್ 2 ಇನ್ನೊಂದರಲ್ಲಿ ಗ್ರೇಡ್ 1 ಆಗಬಹುದು.

ನಿಮ್ಮ ಬ್ಯಾಟಿನ ಕಂದು ಪಟ್ಟಿ ಮರದ ತಿರುಳಿನ ಭಾಗ. ಅರ್ಧ ಇಂಚು ಅಂಚಿನಲ್ಲಿದ್ದರೆ ಗ್ರೇಡ್ 1 ಅಂತಲೇ ಬಿಡುತ್ತಾರೆ. ಬ್ಯಾಟಿನ ಅಗಲವೇ ಹೆಚ್ಚೆಂದರೆ 108 ಮಿ.ಮೀ. ಅದರಲ್ಲಿ ಒಂದೂವರೆ ಇಂಚು ಅಂದರೆ ಮೂರನೇ ಒಂದು ಭಾಗಕ್ಕೂ ಜಾಸ್ತಿ. ಇದನ್ನು ನಾನು ಗ್ರೇಡ್ 2ರ ಮೇಲೆ ಹಾಕಲ್ಲ. ಹೊಡೆತ ಕೆಟ್ಟದಿರುತ್ತೆ ಅಂತಲ್ಲ, ಬೆಲೆ ಇಳಿಯಬೇಕು ಅಷ್ಟೇ.

ಈಗ ಟೋ ನೋಡಿ. ಮುಂದಿನ ಗೆರೆಗಳು ಬ್ಯಾಟಿನ ತುದಿಯನ್ನೂ ದಾಟಿ ಹಿಂದಕ್ಕೆ ಹೋಗಬೇಕು. ರಬ್ಬರ್ ಗಾರ್ಡ್ ಅಂಟಿಸಿದ್ದರೆ ಪಕ್ಕದಿಂದ ಇಣುಕಿ ನೋಡಿ. ಗೆರೆ ಅಂಚಿಗೆ ಬಂದು ಸುಮ್ನೆ ನಿಂತುಬಿಟ್ಟಿದ್ದರೆ ಅದು ಮೇಲೆ ಎಳೆದ ಗೆರೆ. ಬ್ಲೇಡೆಲ್ಲಾ ಸುಣ್ಣ ಬಳಿದಂತೆ ಒಂದೇ ಬಿಳುಪಾಗಿದ್ದರೂ ಅನುಮಾನ ಪಡಿ. ಬ್ಲೀಚ್ ಮಾಡಿ, ಮೇಲೆ ಪಾರದರ್ಶಕ ಶೀಟ್ ಹಾಕಿ ಕಲೆ ಮುಚ್ಚುತ್ತಾರೆ.

ಒಬ್ಬ ವಿಕೆಟ್ ಕೀಪರ್: ನನ್ನ ಮಗನಿಗೆ ಸೈಜ್ 6 ಕಾಶ್ಮೀರ್ ವಿಲೋ ತಂದೆ, ಎರಡೇ ವಾರಕ್ಕೆ ಟೋ ಬಿರುಕು ಬಿಟ್ಟಿತು. ಇದೂ ಕಾಶ್ಮೀರ್ ಇರಬಹುದಾ?

ರಿಪೇರಿಯವರು: ಟೋ ಬಿರುಕು ಬಿಡುವುದಕ್ಕೆ ಬಹುತೇಕ ನೀರು, ಇಲ್ಲ ಯಾರ್ಕರ್ ಕಾರಣ ಸರ್, ಇಂಗ್ಲಿಷ್ ವಿಲೋಗೂ ಆಗುತ್ತೆ. ಕಾಶ್ಮೀರ್ ವಿಲೋ ಸಾಮಾನ್ಯವಾಗಿ ಕಂದು ಛಾಯೆ ಜಾಸ್ತಿ, ಗೆರೆ ಮಂಕು, ಅದೇ ದಪ್ಪಕ್ಕೆ ತೂಕ ಹೆಚ್ಚು. ಪ್ರಶ್ನೆ ಕೇಳಿದವರು ಎಡ್ಜ್ ದಪ್ಪ ಎಷ್ಟು ಅಂತ ಅಳೆದು ಹೇಳಲಿ.

ಕೇಳಿದವರು: ಎಡ್ಜ್ 37 ಮಿ.ಮೀ. ಗೆರೆ ಟೋ ದಾಟಿ ಹಿಂದಕ್ಕೂ ಕಾಣುತ್ತೆ.

ರಿಪೇರಿಯವರು: ಅಷ್ಟು ದಪ್ಪ ಎಡ್ಜ್ ಇದ್ದು 1190 ಗ್ರಾಂ ಅಂದರೆ ಇಂಗ್ಲಿಷ್ ವಿಲೋ ಇರುವ ಸಾಧ್ಯತೆಯೇ ಹೆಚ್ಚು. ಇನ್ನು ಕಂಪನಿ ವಿಷಯ. ಮರ ನೋಡಿ ಯಾರ ಬ್ಯಾಟ್ ಅಂತ ಹೇಳಕ್ಕಾಗಲ್ಲ. ಮೀರಟ್, ಜಲಂಧರ್ ಎರಡೂ ಕಡೆಯ ತಯಾರಕರು ಇಂಗ್ಲೆಂಡಿನಿಂದಲೇ ಮರದ ತುಂಡು ತರಿಸುತ್ತಾರೆ. ಸ್ಟಿಕ್ಕರ್ ಸೆಟ್ ಬಿಡಿಯಾಗಿ ಸಿಗುತ್ತೆ. ದೊಡ್ಡ ಆಟಗಾರರ ಬ್ಯಾಟಿನಲ್ಲಿ ಟೈರ್ ಕಂಪನಿ ಎಂಆರ್‌ಎಫ್ ಹೆಸರು ನೋಡಿದ್ದೀರಲ್ವಾ? ಅದು ಜಾಹೀರಾತು. ಸ್ಟಿಕ್ಕರ್ ಬದಲಾಗಿದೆ ಅಂದ ಮಾತ್ರಕ್ಕೆ ಮೋಸ ಅಲ್ಲ, ಆದರೆ ಆ ಹೆಸರಿಗೆ ದುಡ್ಡು ಕೊಡಬೇಡಿ.

ಬ್ಯಾಟನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಎಣ್ಣೆ, ಬಿಸಿಲು ತಾಗಿದ ಮರ ಹಳದಿ ಆಗುತ್ತೆ, ಸ್ಟಿಕ್ಕರ್ ಕೆಳಗಿನ ಮರ ತೆಳು ಬಣ್ಣದಲ್ಲೇ ಉಳಿಯುತ್ತೆ. ಈಗಿನ ಸ್ಟಿಕ್ಕರಿನ ಹೊರಗೆ ಬೇರೆ ಆಕಾರದ ತೆಳು ಗುರುತು ಕಂಡರೆ ಅಲ್ಲಿ ಮೊದಲು ಇನ್ನೊಂದು ಸ್ಟಿಕ್ಕರ್ ಇತ್ತು. ಆಮೇಲೆ ಮಾರುವವರನ್ನು ಕೇಳಿ ಗ್ರಿಪ್ ಸ್ವಲ್ಪ ಮೇಲಕ್ಕೆ ಸರಿಸಿ. ಹ್ಯಾಂಡಲ್ ಬುಡದಲ್ಲೋ ಭುಜದಲ್ಲೋ ಕೆಲವರು ಮುದ್ರೆ, ಪೆನ್ಸಿಲ್ ಗುರುತು ಬಿಟ್ಟಿರುತ್ತಾರೆ.

ಕೇಳಿದವರು: ಹಿಂಭಾಗದಲ್ಲಿ ಸ್ಟಿಕ್ಕರಿಗಿಂತ ಅರ್ಧ ಇಂಚು ಕೆಳಗೆ ತೆಳು ಪಟ್ಟಿ ಇದೆ! ಗ್ರಿಪ್ ಸರಿಸಿದರೆ ಬುಡದಲ್ಲಿ ಪೆನ್ಸಿಲ್‌ನಲ್ಲಿ ‘2’, ಪಕ್ಕದಲ್ಲಿ ‘2-9’.

ಓಪನರ್: 2 ಅಂದ್ರೆ ಗ್ರೇಡ್ 2, ಸಿಕ್ಕಿಬಿದ್ದ ನೋಡಿ.

ರಿಪೇರಿಯವರು: ‘2-9’ ತೂಕ. 2 ಪೌಂಡ್ 9 ಔನ್ಸ್ ಅಂದರೆ ಸುಮಾರು 1160 ಗ್ರಾಂ. ಈಗಿನ ತೂಕದಲ್ಲಿ ಗ್ರಿಪ್, ಶೀಟ್, ಎಣ್ಣೆ ಸೇರಿಕೊಂಡಿರಬಹುದು. ಒಂಟಿ ‘2’ ಗ್ರೇಡೋ ಬೇರೇನೋ, ಅದನ್ನು ಬರೆದವರೇ ಹೇಳಬೇಕು. ಕಂಪನಿ ಯಾವುದು ಅನ್ನುವುದು ಹಾಗೇ ಉಳಿಯಿತು. ಹೆಸರಿಲ್ಲದ ಗ್ರೇಡ್ 2 ಇಂಗ್ಲಿಷ್ ವಿಲೋ ಅಂತಲೇ ಚೌಕಾಸಿ ಮಾಡಿ. ದುಡ್ಡು ಕೊಡುವ ಮುಂಚೆ ಹಳೆ ಲೆದರ್ ಬಾಲ್ ಅನ್ನು ಟೋದಿಂದ ಆರೇಳು ಇಂಚು ಮೇಲೆ ಪುಟಿಸಿ ನೋಡಿ, ಹ್ಯಾಂಡಲ್ ಬ್ಲೇಡಿಗೆ ಸೇರುವ ಜಾಗದಲ್ಲಿ ಬಿರುಕಿದೆಯಾ ಅಂತಲೂ ನೋಡಿ. ಬಿರುಕಿದ್ದರೆ ಯಾವ ಗ್ರೇಡ್ ಆದರೂ ಬೇಡ.